ವಿಟಮಿನ್ ಬಾಟಲಿಯ ಹಿಂಬದಿಯನ್ನು ಓದುವುದು ಹೇಗೆ?

ವಿದೇಶದಲ್ಲಿರುವ ಮಗನೋ ಅಳಿಯನೋ ರಜೆಗೆ ಬರುವಾಗ ಖರ್ಜೂರ, ಅತ್ತರು, ಚಾಕಲೇಟಿನ ಜೊತೆಗೆ ಈಗ ಇನ್ನೊಂದು ವಸ್ತುವೂ ಪೆಟ್ಟಿಗೆಯಲ್ಲಿರುತ್ತದೆ. ಅದು ವಿಟಮಿನ್ ಮಾತ್ರೆಗಳ ದೊಡ್ಡ ಬಾಟಲಿ. ಉಮ್ಮನ ಮೊಣಕಾಲು ನೋವಿಗೆ ಕ್ಯಾಲ್ಸಿಯಂ, ಬಾಪನ ಸುಸ್ತಿಗೆ ಮಲ್ಟಿವಿಟಮಿನ್, ಮಕ್ಕಳಿಗೆ ಮಿಠಾಯಿಯಂತಿರುವ ಗಮ್ಮಿ. ವೈದ್ಯರು ಬರೆದುಕೊಟ್ಟದ್ದಲ್ಲವಾದ್ದರಿಂದ ಎಷ್ಟು ತಿನ್ನಬೇಕು, ಯಾರು ತಿನ್ನಬೇಕು ಎಂದು ಹೇಳುವವರು ಮನೆಯಲ್ಲಿ ಯಾರೂ ಇರುವುದಿಲ್ಲ. ಹೇಳುವುದೆಲ್ಲ ಬಾಟಲಿಯ ಹಿಂಬದಿಯಲ್ಲಿರುವ ಕಪ್ಪು ಗೆರೆಯ ಒಂದು ಚೌಕಟ್ಟು ಮಾತ್ರ.

ಅಮೆರಿಕದ ಕಾನೂನಿನಂತೆ ತಯಾರಾದ ಬಾಟಲಿಯಾದರೆ ಆ ಚೌಕಟ್ಟಿನ ಮೇಲೆ ‘ಸಪ್ಲಿಮೆಂಟ್ ಫ್ಯಾಕ್ಟ್ಸ್’ ಎಂದು ದಪ್ಪ ಅಕ್ಷರಗಳಲ್ಲಿರುತ್ತದೆ. ಅದರಲ್ಲಿ ಏನೇನು ಇರಬೇಕು ಎಂಬುದನ್ನು ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎ ನಿಗದಿ ಮಾಡಿದೆ. ಆದರೆ ಒಂದು ಮಾತು ನೆನಪಿರಲಿ. ಔಷಧಗಳನ್ನು ಮಾರುವ ಮೊದಲು ಎಫ್‌ಡಿಎಯ ಒಪ್ಪಿಗೆ ಬೇಕು, ಇಂತಹ ಪೂರಕಗಳಿಗೆ ಬೇಡ. ಬಾಟಲಿಯೊಳಗಿನ ಮಾತ್ರೆ ನಿಮಗೆ ತಕ್ಕದ್ದೇ ಎಂದು ಯಾರೂ ಮುಂಚಿತವಾಗಿ ಪರೀಕ್ಷಿಸಿರುವುದಿಲ್ಲ. ಆ ಕೆಲಸವನ್ನು ನೀವೇ ಮಾಡಬೇಕಾಗುತ್ತದೆ. ಅದಕ್ಕೆ ಚೌಕಟ್ಟಿನ ಮೂರು ಸಂಗತಿಗಳನ್ನು ಓದಲು ಬಂದರೆ ಸಾಕು: ಒಂದು ಸಲದ ಪ್ರಮಾಣ, ಅದರಲ್ಲಿರುವ ಅಂಶದ ತೂಕ, ಮತ್ತು ಅದರ ಮುಂದಿರುವ ಶೇಕಡಾ ಸಂಖ್ಯೆ.

ಮುಂಬದಿಯ ಸಂಖ್ಯೆ ಒಂದು ಮಾತ್ರೆಯದ್ದಲ್ಲ

ಒಂದು ಕ್ಯಾಲ್ಸಿಯಂ ಬಾಟಲಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಂತಹ ಬಾಟಲಿಯ ಮುಂಬದಿಯಲ್ಲಿ ‘ಕ್ಯಾಲ್ಸಿಯಂ 1200 ಮಿ.ಗ್ರಾಂ, ವಿಟಮಿನ್ ಡಿ3 ಸಹಿತ’ ಎಂದು ದೊಡ್ಡದಾಗಿರುತ್ತದೆ. ತಿರುಗಿಸಿ ಹಿಂಬದಿ ನೋಡಿದರೆ ಹೀಗಿರುತ್ತದೆ:

- ಸರ್ವಿಂಗ್ ಸೈಜ್: 2 ಮಾತ್ರೆ
- ಸರ್ವಿಂಗ್ಸ್ ಪರ್ ಕಂಟೈನರ್: 60
- ವಿಟಮಿನ್ ಡಿ: 25 ಎಂಸಿಜಿ (1000 ಐಯು) – 125%
- ಕ್ಯಾಲ್ಸಿಯಂ (ಕ್ಯಾಲ್ಸಿಯಂ ಕಾರ್ಬೊನೇಟ್ ರೂಪದಲ್ಲಿ): 1200 ಮಿ.ಗ್ರಾಂ – 92%

‘ಸರ್ವಿಂಗ್ ಸೈಜ್’ ಎಂದರೆ ಒಂದು ಸಲಕ್ಕೆ ತೆಗೆದುಕೊಳ್ಳಲು ಕಂಪೆನಿ ಹೇಳಿರುವ ಪ್ರಮಾಣ. ಇಲ್ಲಿ ಅದು ಎರಡು ಮಾತ್ರೆ. ಕೆಳಗಿನ ಎಲ್ಲಾ ಸಂಖ್ಯೆಗಳೂ ಆ ಎರಡು ಮಾತ್ರೆಗಳಿಗೆ ಸೇರಿ ಬರೆದವು. ಅಂದರೆ ಒಂದು ಮಾತ್ರೆಯಲ್ಲಿರುವುದು 600 ಮಿ.ಗ್ರಾಂ ಕ್ಯಾಲ್ಸಿಯಂ ಮತ್ತು 500 ಐಯು ವಿಟಮಿನ್ ಡಿ. ಮುಂಬದಿ ನೋಡಿ ದಿನಕ್ಕೊಂದು ಮಾತ್ರೆ ನುಂಗುವವರಿಗೆ ಸಿಗುವುದು ಅವರು ಅಂದುಕೊಂಡದ್ದರ ಅರ್ಧ. ‘ಒಂದೊಂದರಲ್ಲೂ 600 ಇದೆ, ಎರಡು ಹೊತ್ತು ಎರಡೆರಡು ಇರಲಿ’ ಎಂದು ನಾಲ್ಕು ನುಂಗುವವರಿಗೆ ಹೋಗುವುದು 2400.

‘ಸರ್ವಿಂಗ್ಸ್ ಪರ್ ಕಂಟೈನರ್’ ಎಂದರೆ ಬಾಟಲಿಯಲ್ಲಿ ಅಂತಹ ಎಷ್ಟು ಸಲದ ಪ್ರಮಾಣವಿದೆ ಎಂಬ ಲೆಕ್ಕ. ಇಲ್ಲಿ 60 ಸಲ, ಸಲಕ್ಕೆ ಎರಡರಂತೆ 120 ಮಾತ್ರೆ. ಇದು ಮನೆಯಲ್ಲಿ ತಪ್ಪು ಹಿಡಿಯಲು ಸುಲಭವಾದ ದಾರಿ. ದಿನಕ್ಕೆ ಒಂದೇ ಸಲ ತೆಗೆದುಕೊಳ್ಳುವ ಬಾಟಲಿ ಎರಡು ತಿಂಗಳು ಬರಬೇಕು. ಒಂದೇ ತಿಂಗಳಲ್ಲಿ ಮುಗಿದರೆ ಯಾರೋ ದುಪ್ಪಟ್ಟು ತಿನ್ನುತ್ತಿದ್ದಾರೆ ಅಥವಾ ಒಬ್ಬರದ್ದನ್ನು ಇಬ್ಬರು ತಿನ್ನುತ್ತಿದ್ದಾರೆ ಎಂದರ್ಥ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಸರ್ವಿಂಗ್ ಎಂದರೆ ಒಂದು ಸಲದ ಪ್ರಮಾಣ, ಒಂದು ದಿನದ್ದಲ್ಲ. ಬಾಟಲಿಯ ಮೇಲೆ ‘ಬೆಳಗಿನ ಉಪಾಹಾರದೊಂದಿಗೆ ಒಂದರಿಂದ ಮೂರು ಮಾತ್ರೆ’ ಎಂದಿದ್ದರೆ ಸರ್ವಿಂಗ್ ಸೈಜ್ ಮೂರು ಮಾತ್ರೆ ಎಂದು ಬರೆದಿರುತ್ತಾರೆ. ‘ದಿನಕ್ಕೆ ಮೂರು ಹೊತ್ತು ಒಂದೊಂದು ಮಾತ್ರೆ’ ಎಂದಿದ್ದರೆ ಸರ್ವಿಂಗ್ ಸೈಜ್ ಒಂದೇ ಮಾತ್ರೆ. ಎರಡನೆಯ ಬಾಟಲಿಯಲ್ಲಿ ಚೌಕಟ್ಟಿನ ಸಂಖ್ಯೆಗಳನ್ನು ಮೂರರಿಂದ ಗುಣಿಸಿದರೆ ಮಾತ್ರ ದಿನದ ಲೆಕ್ಕ ಸಿಗುತ್ತದೆ. ಆದ್ದರಿಂದ ಚೌಕಟ್ಟಿನ ಜೊತೆಗೆ, ಅದರ ಪಕ್ಕದಲ್ಲಿ ಬರೆದಿರುವ ಸೇವನೆಯ ಸೂಚನೆಯನ್ನೂ ಓದಲೇಬೇಕು.

ಕ್ಯಾಲ್ಸಿಯಂನಂತಹವಕ್ಕೆ ಹೊತ್ತು ಹಂಚಿಕೊಳ್ಳುವುದರಿಂದ ಪ್ರಯೋಜನವೂ ಇದೆ. ಒಂದು ಸಲಕ್ಕೆ ಸುಮಾರು 500 ಮಿ.ಗ್ರಾಂವರೆಗಿನ ಕ್ಯಾಲ್ಸಿಯಂ ಅನ್ನು ಕರುಳು ಚೆನ್ನಾಗಿ ಹೀರಿಕೊಳ್ಳುತ್ತದೆ. ಪ್ರಮಾಣ ಹೆಚ್ಚಾದಂತೆ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತದೆ. ಕಾರ್ಬೊನೇಟ್ ರೂಪದ್ದಾದರೆ ಊಟದ ಜೊತೆಗೆ ತೆಗೆದುಕೊಳ್ಳಬೇಕು. ರಮಝಾನಿನಲ್ಲಿ ಎರಡು ಮಾತ್ರೆಗಳನ್ನೂ ಇಫ್ತಾರಿಗೆ ಒಟ್ಟಿಗೆ ನುಂಗುವ ಬದಲು ಒಂದನ್ನು ಇಫ್ತಾರಿನ ಊಟಕ್ಕೆ, ಇನ್ನೊಂದನ್ನು ಸಹರಿಗೆ ಇಟ್ಟುಕೊಳ್ಳುವುದು ಒಳ್ಳೆಯದು.

ತೂಕ ಯಾವುದರದ್ದು?

ಚೌಕಟ್ಟಿನ ಎರಡನೆಯ ಸಂಗತಿ ‘ಅಮೌಂಟ್ ಪರ್ ಸರ್ವಿಂಗ್’, ಅಂದರೆ ಒಂದು ಸಲದ ಪ್ರಮಾಣದಲ್ಲಿ ಆ ಅಂಶ ಎಷ್ಟು ತೂಕವಿದೆ ಎಂಬುದು. ಇಲ್ಲಿ ಮೂರು ಅಳತೆಗಳು ಬರುತ್ತವೆ. ಮಿ.ಗ್ರಾಂ ಎಂದರೆ ಗ್ರಾಮಿನ ಸಾವಿರದ ಒಂದು ಪಾಲು. ಎಂಸಿಜಿ ಎಂದರೆ ಮೈಕ್ರೋಗ್ರಾಂ, ಮಿಲಿಗ್ರಾಮಿನ ಸಾವಿರದ ಒಂದು ಪಾಲು. ಇವೆರಡನ್ನು ಅದಲುಬದಲು ಮಾಡಿದರೆ ಲೆಕ್ಕ ಸಾವಿರ ಪಟ್ಟು ತಪ್ಪುತ್ತದೆ. ಮೂರನೆಯದು ಐಯು, ಅಂದರೆ ಅಂತಾರಾಷ್ಟ್ರೀಯ ಯೂನಿಟ್. ಇದು ತೂಕವಲ್ಲ, ವಿಟಮಿನ್ನಿನ ಪರಿಣಾಮದ ಹಳೆಯ ಅಳತೆ. ನಮ್ಮ ವೈದ್ಯರು ವಿಟಮಿನ್ ಡಿಯನ್ನು ಇಂದಿಗೂ ಐಯುನಲ್ಲೇ ಬರೆಯುತ್ತಾರೆ, ಅಮೆರಿಕದ ಲೇಬಲ್‌ನಲ್ಲಿ ಮೈಕ್ರೋಗ್ರಾಂ ಮೊದಲು ಬರುತ್ತದೆ. ವಿಟಮಿನ್ ಡಿಗೆ ಒಂದು ಸುಲಭ ಸೂತ್ರ ನೆನಪಿಟ್ಟುಕೊಳ್ಳಿ: 1 ಮೈಕ್ರೋಗ್ರಾಂ ಎಂದರೆ 40 ಐಯು. 25 ಮೈಕ್ರೋಗ್ರಾಂ ಎಂದರೆ 1000 ಐಯು. ಈ ಸೂತ್ರ ವಿಟಮಿನ್ ಡಿಗೆ ಮಾತ್ರ. ಬೇರೆ ವಿಟಮಿನ್ನುಗಳ ಐಯು ಲೆಕ್ಕ ಬೇರೆ.

ಖನಿಜಗಳ ವಿಷಯದಲ್ಲಿ ಇನ್ನೊಂದು ಗೊಂದಲವಿದೆ. ನಮ್ಮೂರಿನ ಮೆಡಿಕಲ್‌ನಲ್ಲಿ ಸಿಗುವ ಕ್ಯಾಲ್ಸಿಯಂ ಮಾತ್ರೆಯ ಸ್ಟ್ರಿಪ್ಪಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ‘ಕ್ಯಾಲ್ಸಿಯಂ ಕಾರ್ಬೊನೇಟ್ 1250 ಮಿ.ಗ್ರಾಂ’ ಎಂದೂ, ಅದರ ಕೆಳಗೆ ಸಣ್ಣದಾಗಿ ‘500 ಮಿ.ಗ್ರಾಂ ಎಲಿಮೆಂಟಲ್ ಕ್ಯಾಲ್ಸಿಯಂಗೆ ಸಮ’ ಎಂದೂ ಇರುತ್ತದೆ. ಕಾರ್ಬೊನೇಟ್ ಎಂಬ ಲವಣದ ಒಟ್ಟು ತೂಕದಲ್ಲಿ ಕ್ಯಾಲ್ಸಿಯಂ ಇರುವುದು ಶೇ. 40 ಮಾತ್ರ. ಉಳಿದದ್ದು ಅದರ ಜೊತೆ ಕೂಡಿಕೊಂಡಿರುವ ಇಂಗಾಲ ಮತ್ತು ಆಮ್ಲಜನಕ. ಅಮೆರಿಕದ ಚೌಕಟ್ಟಿನಲ್ಲಿ ಬರೆಯುವುದು ನಿಜವಾದ ಕ್ಯಾಲ್ಸಿಯಂನ ತೂಕವನ್ನು. ಲವಣದ ಹೆಸರು ಬರೀ ಆವರಣದಲ್ಲಿರುತ್ತದೆ. ಹಾಗಾಗಿ ‘ಇಲ್ಲಿನದ್ದು 1250, ಅಲ್ಲಿನದ್ದು 600, ಅಲ್ಲಿನದ್ದು ಸೌಮ್ಯ’ ಎಂದುಕೊಂಡರೆ ತಪ್ಪು. ಇಲ್ಲಿನ ಒಂದು ಮಾತ್ರೆಯಲ್ಲಿ 500, ಅಲ್ಲಿನ ಒಂದು ಮಾತ್ರೆಯಲ್ಲಿ 600. ಅಲ್ಲಿನದ್ದೇ ಹೆಚ್ಚು.

ಶೇ. 100 ಯಾರ ಲೆಕ್ಕ?

ಬಲಗಡೆಯ ಅಂಚಿನಲ್ಲಿರುವ ‘% ಡೈಲಿ ವ್ಯಾಲ್ಯೂ’ ಎಂಬುದು ಹೆಚ್ಚು ಜನ ನೋಡುವ ಮತ್ತು ಹೆಚ್ಚು ಜನ ತಪ್ಪು ತಿಳಿಯುವ ಅಂಕಣ. ಪ್ರತಿಯೊಂದು ವಿಟಮಿನ್ನಿಗೂ ಖನಿಜಕ್ಕೂ ಎಫ್‌ಡಿಎ ಒಂದು ದಿನದ ಮೌಲ್ಯವನ್ನು ಗೊತ್ತುಮಾಡಿದೆ. ವಿಟಮಿನ್ ಡಿಗೆ ಅದು 20 ಮೈಕ್ರೋಗ್ರಾಂ, ಅಂದರೆ 800 ಐಯು. ಕ್ಯಾಲ್ಸಿಯಂಗೆ 1300 ಮಿ.ಗ್ರಾಂ, ಕಬ್ಬಿಣಕ್ಕೆ 18 ಮಿ.ಗ್ರಾಂ. ಮಾತ್ರೆಯಲ್ಲಿರುವ ತೂಕವನ್ನು ಇದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇಕಡಾ ಸಂಖ್ಯೆ ಬರುತ್ತದೆ. ನಮ್ಮ ಉದಾಹರಣೆಯ ಬಾಟಲಿಯಲ್ಲಿ 25 ಅನ್ನು 20ರಿಂದ ಭಾಗಿಸಿದ್ದರಿಂದ 125%, 1200 ಅನ್ನು 1300ರಿಂದ ಭಾಗಿಸಿದ್ದರಿಂದ 92% ಬಂದಿದೆ.

ಈ ಮೌಲ್ಯ ನಿಮಗಾಗಿ ಹೊಲಿದ ಅಂಗಿಯಲ್ಲ. ನಾಲ್ಕು ವರ್ಷದ ಮಗುವಿನಿಂದ ಎಂಬತ್ತರ ಅಜ್ಜನವರೆಗೆ, ಗರ್ಭಿಣಿ ಮತ್ತು ಬಾಣಂತಿಯರನ್ನು ಬಿಟ್ಟು ಎಲ್ಲರಿಗೂ ಒಂದೇ ಅಳತೆ. ಒಂದು ಬಾಟಲಿಯನ್ನು ಇನ್ನೊಂದರ ಜೊತೆ ಹೋಲಿಸಲು ಅನುಕೂಲವಾಗಲಿ ಎಂದು ಮಾಡಿದ್ದು. ಉದಾಹರಣೆಗೆ, ಕಬ್ಬಿಣ 18 ಮಿ.ಗ್ರಾಂ ಇದ್ದರೆ ಅಮೆರಿಕದ ಲೇಬಲ್ 100% ಎನ್ನುತ್ತದೆ. ಆದರೆ ಅಲ್ಲಿಯೇ ವಯಸ್ಕ ಗಂಡಸಿಗೆ ದಿನಕ್ಕೆ ಬೇಕಾದದ್ದು 8 ಮಿ.ಗ್ರಾಂ ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ನಮ್ಮ ಹೆಂಗಸರಿಗೆ ದಿನಕ್ಕೆ 29 ಮಿ.ಗ್ರಾಂ, ಗಂಡಸರಿಗೆ 19 ಮಿ.ಗ್ರಾಂ ಬೇಕು. ಅನ್ನ, ರೊಟ್ಟಿ, ಬೇಳೆ ಹೆಚ್ಚಿರುವ ನಮ್ಮ ಊಟದಿಂದ ಕಬ್ಬಿಣ ಕಡಿಮೆ ಹೀರಿಕೊಳ್ಳುವುದರಿಂದ ಈ ಲೆಕ್ಕ ಹೆಚ್ಚಿದೆ. ಅದೇ 18 ಮಿ.ಗ್ರಾಂ ನಮ್ಮ ಮನೆಯ ಹೆಣ್ಣುಮಗಳಿಗೆ ಶೇ. 62 ಮಾತ್ರ.

ದೇಶ ಬದಲಾದಂತೆ ಶೇಕಡಾ ಬದಲಾಗುವುದಕ್ಕೆ ವಿಟಮಿನ್ ಡಿ ಇನ್ನೂ ಒಳ್ಳೆಯ ಉದಾಹರಣೆ. ಗಲ್ಫ್‌ನ ಅಂಗಡಿಗಳಲ್ಲಿ ಯುರೋಪಿನ ಬಾಟಲಿಯೂ ಸಿಗುತ್ತದೆ, ಅಮೆರಿಕದ್ದೂ ಸಿಗುತ್ತದೆ. ಯುರೋಪಿನ ಲೇಬಲ್‌ನಲ್ಲಿ ಡೈಲಿ ವ್ಯಾಲ್ಯೂ ಬದಲು ‘ಎನ್‌ಆರ್‌ವಿ’ ಎಂದಿರುತ್ತದೆ, ಅವರ ವಿಟಮಿನ್ ಡಿ ಅಳತೆ 5 ಮೈಕ್ರೋಗ್ರಾಂ. ಭಾರತದ ಲೇಬಲ್‌ನಲ್ಲಿ ‘ಆರ್‌ಡಿಎ’ ಎಂದಿರುತ್ತದೆ, ಐಸಿಎಂಆರ್ ಹೇಳುವ ಪ್ರಮಾಣ 600 ಐಯು, ಅಂದರೆ 15 ಮೈಕ್ರೋಗ್ರಾಂ. ಈಗ ಅದೇ 25 ಮೈಕ್ರೋಗ್ರಾಂ ಮಾತ್ರೆಗೆ ಅಮೆರಿಕದ ಬಾಟಲಿ 125% ಎನ್ನುತ್ತದೆ, ಭಾರತದ್ದು 167% ಎನ್ನುತ್ತದೆ, ಯುರೋಪಿನದ್ದು 500% ಎನ್ನುತ್ತದೆ. ಮಾತ್ರೆ ಒಂದೇ, ಭಾಗಿಸಿದ ಸಂಖ್ಯೆ ಬೇರೆ. ಹಾಗಾಗಿ ಎರಡು ಬಾಟಲಿಗಳನ್ನು ಹೋಲಿಸುವಾಗ ಶೇಕಡಾ ನೋಡಬೇಡಿ, ತೂಕ ನೋಡಿ.

ದೊಡ್ಡ ಶೇಕಡಾ ಎಂದರೆ ಅಪಾಯವೇ?

ಇದಕ್ಕೆ ಉತ್ತರ ಚೌಕಟ್ಟಿನಲ್ಲಿ ಇಲ್ಲ. ಡೈಲಿ ವ್ಯಾಲ್ಯೂ ಎಂಬುದು ಬೇಕಾದಷ್ಟರ ಅಳತೆ, ಮೀರಬಾರದ ಗೆರೆಯ ಅಳತೆಯಲ್ಲ. ಮೀರಬಾರದ ಗೆರೆಯನ್ನು ‘ಗರಿಷ್ಠ ಮಿತಿ’ ಎಂದು ಬೇರೆಯಾಗಿ ನಿಗದಿ ಮಾಡಿದ್ದಾರೆ. ಅದನ್ನು ಬಾಟಲಿಯ ಮೇಲೆ ಮುದ್ರಿಸುವುದಿಲ್ಲ.

ಎರಡು ವಿಟಮಿನ್‌ಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಬಿ12ರ ದಿನದ ಮೌಲ್ಯ 2.4 ಮೈಕ್ರೋಗ್ರಾಂ. 1000 ಮೈಕ್ರೋಗ್ರಾಂ ಬಿ12 ಮಾತ್ರೆಯ ಮುಂದೆ 41,667% ಎಂದು ಬರೆದಿರುತ್ತದೆ. ನೋಡಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಬಾಯಿಯಿಂದ ತೆಗೆದುಕೊಂಡ ಬಿ12ರಲ್ಲಿ ತೀರಾ ಸ್ವಲ್ಪ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಅದಕ್ಕೆ ಗರಿಷ್ಠ ಮಿತಿಯನ್ನೇ ಇಟ್ಟಿಲ್ಲ. ಇನ್ನೊಂದು ಕಡೆ ವಿಟಮಿನ್ ಎ. ಅದರ ದಿನದ ಮೌಲ್ಯ 900 ಮೈಕ್ರೋಗ್ರಾಂ. ರೆಟಿನಾಲ್ ರೂಪದ ವಿಟಮಿನ್ ಎಗೆ ವಯಸ್ಕರ ಗರಿಷ್ಠ ಮಿತಿ 3000 ಮೈಕ್ರೋಗ್ರಾಂ, ಅಂದರೆ ಲೇಬಲ್‌ನ ಲೆಕ್ಕದಲ್ಲಿ 333% ಮಾತ್ರ. ಇದನ್ನು ಮೀರಿ ದೀರ್ಘಕಾಲ ತೆಗೆದುಕೊಂಡರೆ ಪಿತ್ತಜನಕಾಂಗಕ್ಕೆ ಹಾನಿ, ಗರ್ಭಿಣಿ ತೆಗೆದುಕೊಂಡರೆ ಮಗುವಿನ ಬೆಳವಣಿಗೆಯಲ್ಲಿ ದೋಷ ಉಂಟಾಗಬಹುದು. ಗರ್ಭಿಣಿಯರು ಲೇಬಲ್‌ನಲ್ಲಿ ವಿಟಮಿನ್ ಎ ಪಕ್ಕದ ಆವರಣವನ್ನು ಓದಲೇಬೇಕು. ಅಲ್ಲಿ ‘ರೆಟಿನೈಲ್ ಪಾಮಿಟೇಟ್’ ಅಥವಾ ‘ರೆಟಿನೈಲ್ ಅಸಿಟೇಟ್’ ಎಂದಿದ್ದರೆ ಈ ಎಚ್ಚರಿಕೆ ಅನ್ವಯಿಸುತ್ತದೆ. ‘ಬೀಟಾ ಕ್ಯಾರೊಟಿನ್’ ಎಂದಿದ್ದರೆ ದೇಹ ತನಗೆ ಬೇಕಾದಷ್ಟನ್ನೇ ವಿಟಮಿನ್ ಎ ಆಗಿ ಬದಲಾಯಿಸಿಕೊಳ್ಳುತ್ತದೆ, ಆ ಭಯವಿಲ್ಲ.

ಸುಲಭವಾಗಿ ಹೇಳುವುದಾದರೆ, ನೀರಿನಲ್ಲಿ ಕರಗುವ ವಿಟಮಿನ್‌ಗಳಲ್ಲಿ ಹೆಚ್ಚಾದದ್ದರ ಬಹುಪಾಲು ಹೊರಗೆ ಹೋಗುತ್ತದೆ. ಅವುಗಳಲ್ಲೂ ಬಿ6ನಂತಹವು ಅತಿಯಾದರೆ ನರಗಳಿಗೆ ತೊಂದರೆ ಕೊಡುತ್ತವೆ. ಕೊಬ್ಬಿನಲ್ಲಿ ಕರಗುವ ವಿಟಮಿನ್ ಎ ಮತ್ತು ಡಿ ದೇಹದಲ್ಲಿ ಸೇರಿಕೊಳ್ಳುತ್ತಾ ಹೋಗುತ್ತವೆ. ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಸರಿಯಾದ ದಾರಿಯೇ ಇಲ್ಲ. ಬಾಟಲಿ ಓದುವಾಗ ಮೊದಲು ಕಣ್ಣು ಹೋಗಬೇಕಾದದ್ದು ಈ ಮೂರರ ಸಾಲಿನ ಮೇಲೆ.

ಒಂದು ಮನೆಯ ಲೆಕ್ಕ

ಈಗ ಅರವತ್ತು ವರ್ಷದ ಒಬ್ಬ ಉಮ್ಮನ ದಿನದ ಲೆಕ್ಕ ಮಾಡೋಣ. ಅವರ ಕಪಾಟಿನಲ್ಲಿ ಮೂರು ಬಾಟಲಿಗಳಿವೆ. ಮೊದಲನೆಯದು ನಾವು ನೋಡಿದ ಕ್ಯಾಲ್ಸಿಯಂ, ಸೂಚನೆಯಂತೆ ದಿನಕ್ಕೆ ಎರಡು ಮಾತ್ರೆ. ಎರಡನೆಯದು ಮಲ್ಟಿವಿಟಮಿನ್, ದಿನಕ್ಕೊಂದು. ಮೂರನೆಯದು ‘ಡಿ3 5000’ ಎಂಬ ಸಾಫ್ಟ್‌ಜೆಲ್, ಅದೂ ದಿನಕ್ಕೊಂದು. ಮೂರನ್ನೂ ಅವರು ಸೂಚನೆಯಂತೆಯೇ ತೆಗೆದುಕೊಳ್ಳುತ್ತಿದ್ದಾರೆ. ಒಂದೊಂದು ಬಾಟಲಿಯೂ ಬೇರೆಬೇರೆ ಕಾಯಿಲೆಗೆ ಎಂದು ಅವರ ನಂಬಿಕೆ. ಆದರೆ ಹಿಂಬದಿಯಲ್ಲಿ ವಿಟಮಿನ್ ಡಿ ಸಾಲು ಮೂರರಲ್ಲೂ ಇದೆ:

- ಕ್ಯಾಲ್ಸಿಯಂ ಬಾಟಲಿ: 25 ಮೈಕ್ರೋಗ್ರಾಂ (1000 ಐಯು) – 125%
- ಮಲ್ಟಿವಿಟಮಿನ್: 25 ಮೈಕ್ರೋಗ್ರಾಂ (1000 ಐಯು) – 125%
- ಡಿ3 ಸಾಫ್ಟ್‌ಜೆಲ್: 125 ಮೈಕ್ರೋಗ್ರಾಂ (5000 ಐಯು) – 625%

ಒಟ್ಟು 175 ಮೈಕ್ರೋಗ್ರಾಂ, 7000 ಐಯು, ಶೇ. 875. ವಯಸ್ಕರಿಗೆ ವಿಟಮಿನ್ ಡಿಯ ಗರಿಷ್ಠ ಮಿತಿ ದಿನಕ್ಕೆ 100 ಮೈಕ್ರೋಗ್ರಾಂ, ಅಂದರೆ 4000 ಐಯು. ಸೂಚನೆ ಮೀರದೆಯೇ ಮಿತಿ ಮೀರಿಹೋಯಿತು. ಮೂರನೆಯ ಬಾಟಲಿಯೊಂದೇ ಮಿತಿಗಿಂತ ಮೇಲಿದೆ ಎಂಬುದನ್ನೂ ಗಮನಿಸಿ.

ಕ್ಯಾಲ್ಸಿಯಂ ಕೂಡ ಕೂಡಿಸಿ ನೋಡೋಣ. ಮೊದಲ ಬಾಟಲಿಯಿಂದ 1200, ಮಲ್ಟಿವಿಟಮಿನ್‌ನಿಂದ 200 ಮಿ.ಗ್ರಾಂ ಎಂದಿಟ್ಟುಕೊಳ್ಳಿ. ಹಾಲು, ಮೊಸರು, ರಾಗಿ, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಇವುಗಳಿಂದ ಊಟದಲ್ಲಿ 600 ಬಂದರೆ ಒಟ್ಟು 2000. ಐವತ್ತು ದಾಟಿದವರಿಗೆ ಊಟ ಮತ್ತು ಮಾತ್ರೆ ಸೇರಿ ಗರಿಷ್ಠ ಮಿತಿ ಅಷ್ಟೇ. ಚೌಕಟ್ಟಿಗೆ ನಿಮ್ಮ ಊಟ ಗೊತ್ತಿಲ್ಲ. ಅದು ಹೇಳುವುದು ಬಾಟಲಿಯೊಳಗಿನ ಲೆಕ್ಕವನ್ನು ಮಾತ್ರ.

ಇದರ ಮೇಲೆ, ನಮ್ಮಲ್ಲಿ ಸಾಮಾನ್ಯವಾಗಿರುವ ಇನ್ನೊಂದು ಸಂಗತಿ ಸೇರುತ್ತದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದರೆ ವೈದ್ಯರು ವಾರಕ್ಕೊಮ್ಮೆ 60,000 ಐಯು ಇರುವ ಕ್ಯಾಪ್ಸೂಲ್ ಅಥವಾ ಹಾಲಿನಲ್ಲಿ ಕಲಸುವ ಪುಡಿಯ ಪೊಟ್ಟಣ ಬರೆದುಕೊಡುತ್ತಾರೆ. ಅದನ್ನು ಏಳರಿಂದ ಭಾಗಿಸಿದರೆ ದಿನಕ್ಕೆ ಸುಮಾರು 8570 ಐಯು. ಇದು ಮಿತಿ ಮೀರಿದ್ದಾದರೂ ತಪ್ಪಲ್ಲ. ಮಿತಿಯೆಂಬುದು ವೈದ್ಯರ ನಿಗಾ ಇಲ್ಲದೆ ನಿತ್ಯ ತೆಗೆದುಕೊಳ್ಳುವವರಿಗೆ ಇಟ್ಟದ್ದು. ಈ 60,000 ಎಂಬುದು ಕೊರತೆ ತುಂಬಲು ಕೆಲವೇ ವಾರಗಳಿಗೆ ಕೊಡುವ ಚಿಕಿತ್ಸೆ. ತೊಂದರೆ ಬರುವುದು ಎರಡು ರೀತಿಯಲ್ಲಿ. ಎಂಟು ವಾರಕ್ಕೆ ಎಂದು ಬರೆದದ್ದನ್ನು ‘ಒಳ್ಳೆಯದಾಯಿತಲ್ಲ’ ಎಂದು ವರ್ಷಗಟ್ಟಲೆ ಮುಂದುವರಿಸುವುದು ಒಂದು. ವೈದ್ಯರಿಗೆ ಹೇಳದೆ ಅದರ ಜೊತೆಗೆ ವಿದೇಶದ ಬಾಟಲಿಗಳನ್ನೂ ತೆಗೆದುಕೊಳ್ಳುವುದು ಇನ್ನೊಂದು. ನಮ್ಮ ಉದಾಹರಣೆಯ ಉಮ್ಮನಿಗೆ ಆಗ ದಿನಕ್ಕೆ ಹದಿನೈದು ಸಾವಿರ ಐಯು ದಾಟುತ್ತದೆ.

ವಿಟಮಿನ್ ಡಿ ಅತಿಯಾದರೆ ಆಗುವುದೇನು? ಅದು ಕರುಳಿನಿಂದಲೂ ಮೂಳೆಯಿಂದಲೂ ಕ್ಯಾಲ್ಸಿಯಂ ಅನ್ನು ರಕ್ತಕ್ಕೆ ಎಳೆಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿದಾಗ ಹಸಿವು ಹೋಗುತ್ತದೆ, ವಾಕರಿಕೆ, ಮಲಬದ್ಧತೆ, ಪದೇ ಪದೇ ಬಾಯಾರಿಕೆ ಮತ್ತು ಮೂತ್ರ, ಸುಸ್ತು, ವಯಸ್ಸಾದವರಲ್ಲಿ ಮಂಕು ಮತ್ತು ಗೊಂದಲ ಕಾಣಿಸುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗಬಹುದು, ಮೂತ್ರಪಿಂಡಕ್ಕೇ ಹಾನಿಯಾಗಬಹುದು. ಮೋಸವಿರುವುದು ಇಲ್ಲೇ: ‘ಸುಸ್ತು, ನಿತ್ರಾಣ’ ಎಂಬ ದೂರಿಗೆ ಮನೆಯವರು ಇನ್ನೊಂದು ವಿಟಮಿನ್ ಬಾಟಲಿಯನ್ನೇ ತರುತ್ತಾರೆ. ಮಾತ್ರೆ ನಿಲ್ಲಿಸಿದ ಮೇಲೂ ಕೊಬ್ಬಿನಲ್ಲಿ ಸೇರಿಕೊಂಡದ್ದು ವಾರಗಟ್ಟಲೆ ರಕ್ತಕ್ಕೆ ಬರುತ್ತಲೇ ಇರುತ್ತದೆ. ಮೇಲಿನ ಲಕ್ಷಣಗಳಿದ್ದು ಇಂತಹ ಬಾಟಲಿಗಳ ಅಭ್ಯಾಸವೂ ಇದ್ದರೆ ವೈದ್ಯರಲ್ಲಿ ಅದನ್ನು ಹೇಳಿ. ರಕ್ತದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಟ್ಟವನ್ನು ಪರೀಕ್ಷಿಸಿದರೆ ಗೊತ್ತಾಗುತ್ತದೆ.

ಈ ಮನೆಯಲ್ಲಿ ಮಾಡಬೇಕಾದದ್ದು ಕಷ್ಟದ್ದೇನಲ್ಲ. ವೈದ್ಯರ 60,000 ನಡೆಯುತ್ತಿರುವಾಗ ಡಿ3 ಸಾಫ್ಟ್‌ಜೆಲ್ ಬೇಡ. ಅದು ಮುಗಿದ ಮೇಲೆ ನಿತ್ಯಕ್ಕೆ ಎಷ್ಟು ಬೇಕೆಂದು ಅವರಲ್ಲೇ ಕೇಳಿ ಒಂದೇ ಬಾಟಲಿ ಇಟ್ಟುಕೊಂಡರೆ ಸಾಕು.

ಮಕ್ಕಳ ಮಿಠಾಯಿ, ದೊಡ್ಡವರ ಮಾತ್ರೆ

ಚೌಕಟ್ಟಿನಲ್ಲಿ ಬೇರೇನೂ ಹೇಳದಿದ್ದರೆ ಶೇಕಡಾ ಅಂಕಣ ನಾಲ್ಕು ವರ್ಷಕ್ಕೆ ಮೇಲ್ಪಟ್ಟವರದ್ದು. ಒಂದರಿಂದ ಮೂರು ವರ್ಷದ ಮಕ್ಕಳಿಗಾಗಿ ಮಾಡಿದ ಬಾಟಲಿಯಾದರೆ ಅವರ ಹೆಸರಿನ ಅಂಕಣ ಬೇರೆಯೇ ಇರುತ್ತದೆ, ಏಕೆಂದರೆ ಅವರ ದಿನದ ಮೌಲ್ಯವೇ ಬೇರೆ. ವಿಟಮಿನ್ ಎ ದೊಡ್ಡವರಿಗೆ 900 ಮೈಕ್ರೋಗ್ರಾಂ, ಈ ಪುಟ್ಟ ಮಕ್ಕಳಿಗೆ 300. ರೆಟಿನಾಲ್ ರೂಪದ್ದಕ್ಕೆ ಅವರ ಗರಿಷ್ಠ ಮಿತಿ 600. ರೆಟಿನಾಲ್ ರೂಪದ ವಿಟಮಿನ್ ಎ 100% ಇರುವ ದೊಡ್ಡವರ ಒಂದು ಮಾತ್ರೆಯನ್ನು ಎರಡು ವರ್ಷದ ಮಗುವಿಗೆ ದಿನವೂ ಕೊಟ್ಟರೆ ‘ನೂರು ಶೇಕಡಾ ತಾನೇ’ ಎಂದುಕೊಂಡದ್ದು ಮಿತಿಯ ಒಂದೂವರೆ ಪಟ್ಟಾಗುತ್ತದೆ.

ಗಮ್ಮಿಯ ಸಮಸ್ಯೆ ಇನ್ನೊಂದು. ಸರ್ವಿಂಗ್ ಸೈಜ್ ಎರಡು ಗಮ್ಮಿ ಎಂದಿರುತ್ತದೆ, ರುಚಿಗೆ ಮಗು ಆರು ತಿನ್ನುತ್ತದೆ. ಎಲ್ಲಾ ಸಂಖ್ಯೆಗಳೂ ಮೂರು ಪಟ್ಟು. ಕಬ್ಬಿಣವಿರುವ ಮಾತ್ರೆಗಳಾದರೆ ಇನ್ನೂ ಜಾಗ್ರತೆ ಬೇಕು. ಆಕಸ್ಮಿಕವಾಗಿ ಕಬ್ಬಿಣದ ಮಾತ್ರೆ ಅತಿಯಾಗಿ ತಿನ್ನುವುದು ಆರು ವರ್ಷದೊಳಗಿನ ಮಕ್ಕಳ ವಿಷಪ್ರಾಶನದ ಸಾವಿಗೆ ಪ್ರಮುಖ ಕಾರಣ ಎಂಬ ಎಚ್ಚರಿಕೆಯನ್ನು ಅಮೆರಿಕದಲ್ಲಿ ಅಂತಹ ಬಾಟಲಿಗಳ ಮೇಲೆ ಮುದ್ರಿಸಲೇಬೇಕು. ತಾಯಿಗೆ ರಕ್ತಹೀನತೆಗೆಂದು ತಂದ ಬಾಟಲಿ ಮಂಚದ ಪಕ್ಕದಲ್ಲಿರಬಾರದು. ಮಗು ಹಲವು ಮಾತ್ರೆ ನುಂಗಿದೆ ಎಂದು ಗೊತ್ತಾದರೆ ವಾಂತಿ ಬರಲಿ ಎಂದು ಕಾಯದೆ ಬಾಟಲಿಯ ಸಮೇತ ಆಸ್ಪತ್ರೆಗೆ ಹೋಗಿ. ಎಷ್ಟು ಮಿ.ಗ್ರಾಂ ಹೋಗಿರಬಹುದೆಂದು ವೈದ್ಯರು ಆ ಚೌಕಟ್ಟು ನೋಡಿಯೇ ಲೆಕ್ಕ ಹಾಕುತ್ತಾರೆ.

ಚೌಕಟ್ಟಿನ ಕೆಳಗಿನ ಸಾಲುಗಳು

ಕೆಲವು ಅಂಶಗಳ ಮುಂದೆ ಶೇಕಡಾ ಬದಲು ಶಿಲುಬೆಯಂತಹ ಒಂದು ಸಣ್ಣ ಗುರುತು ಇರುತ್ತದೆ. ಅದಕ್ಕೆ ದಿನದ ಮೌಲ್ಯ ನಿಗದಿಯಾಗಿಲ್ಲ ಎಂದು ಅದರ ಅರ್ಥ. ಗಿಡಮೂಲಿಕೆಗಳು, ಮೀನೆಣ್ಣೆಯ ಒಮೆಗಾ-3 ಇಂತಹವು ಈ ಸಾಲಿನವು. ‘ಪ್ರೊಪ್ರೈಟರಿ ಬ್ಲೆಂಡ್’ ಎಂದಿದ್ದರೆ ಹಲವು ಪದಾರ್ಥಗಳ ಒಟ್ಟು ತೂಕ ಮಾತ್ರ ಕೊಟ್ಟಿದ್ದಾರೆ, ಯಾವುದು ಎಷ್ಟಿದೆ ಎಂದು ಹೇಳಿಲ್ಲ ಎಂದು ತಿಳಿಯಿರಿ. ಬೇರೆ ಔಷಧ ತೆಗೆದುಕೊಳ್ಳುವವರು ಅಂತಹದ್ದನ್ನು ಬಿಡುವುದೇ ಲೇಸು.

ಚೌಕಟ್ಟಿನ ಹೊರಗೆ, ಅದರ ಕೆಳಗೆ ‘ಅದರ್ ಇಂಗ್ರೀಡಿಯೆಂಟ್ಸ್’ ಎಂಬ ಸಾಲಿರುತ್ತದೆ. ಹಲಾಲ್ ವಿಚಾರಕ್ಕೆ ಓದಬೇಕಾದದ್ದು ಇದನ್ನೇ. ಸಾಫ್ಟ್‌ಜೆಲ್‌ನ ಹೊರಕವಚ ಮತ್ತು ಹೆಚ್ಚಿನ ಗಮ್ಮಿಗಳು ಜೆಲಾಟಿನ್‌ನಿಂದ ಆಗುತ್ತವೆ. ಜೆಲಾಟಿನ್ ದನದ್ದೂ ಆಗಿರಬಹುದು, ಹಂದಿಯದ್ದೂ ಆಗಿರಬಹುದು, ಮೀನಿನದ್ದೂ ಆಗಿರಬಹುದು. ಬರೀ ‘ಜೆಲಾಟಿನ್’ ಎಂದಿದ್ದರೆ ಯಾವುದರದ್ದೆಂದು ಲೇಬಲ್‌ನಿಂದ ತಿಳಿಯುವುದಿಲ್ಲ. ‘ಬೋವೈನ್’ ಎಂದರೆ ದನದ್ದು, ಆದರೆ ದಬಹ್ ಆದದ್ದೇ ಎಂದು ಆ ಪದ ಹೇಳುವುದಿಲ್ಲ. ‘ಹೈಪ್ರೊಮೆಲೋಸ್’, ‘ವೆಜಿಟೇಬಲ್ ಸೆಲ್ಯುಲೋಸ್’, ‘ಪೆಕ್ಟಿನ್’ ಎಂಬವು ಸಸ್ಯಮೂಲದವು. ಅಮೆರಿಕದ ಹಲಾಲ್ ಪ್ರಮಾಣೀಕರಣ ಸಂಸ್ಥೆಯಾದ ಇಫಾಂಕಾದ ಗುರುತು ಅರ್ಧಚಂದ್ರ ಮತ್ತು ‘ಎಂ’ ಅಕ್ಷರ. ಅದಿದ್ದರೆ ಈ ಪ್ರಶ್ನೆಗೆ ಉತ್ತರ ಸಿಕ್ಕಿದಂತೆ.

ಮುಂದಿನ ಸಲ ವೈದ್ಯರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲಾ ಬಾಟಲಿಗಳ ಹಿಂಬದಿಯ ಚೌಕಟ್ಟನ್ನು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡು ಹೋಗಿ. ಮುಂಬದಿಯ ಫೋಟೋ ಪ್ರಯೋಜನವಿಲ್ಲ. ಜೊತೆಗೆ ಯಾವುದನ್ನು ದಿನಕ್ಕೆ ಎಷ್ಟು, ಯಾವ ಹೊತ್ತಿಗೆ ತೆಗೆದುಕೊಳ್ಳುತ್ತೀರಿ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ಮರೆಯಲೇಬಾರದು. ಕ್ಯಾಲ್ಸಿಯಂ ಮತ್ತು ಕಬ್ಬಿಣ ಆ ಔಷಧವನ್ನು ಹೊಟ್ಟೆಯಲ್ಲೇ ತಡೆಯುತ್ತವೆ, ನಡುವೆ ನಾಲ್ಕು ಗಂಟೆಯ ಅಂತರ ಬೇಕು. ಬಾಟಲಿ ಕಳುಹಿಸುವ ಮಗನಿಗೂ ಒಂದು ಮಾತು ಹೇಳಿ: ಖರೀದಿಸುವ ಮೊದಲು ಹಿಂಬದಿಯ ಫೋಟೋ ಕಳುಹಿಸಲಿ, ಮನೆಯಲ್ಲಿ ಈಗಾಗಲೇ ಇರುವುದರೊಂದಿಗೆ ಕೂಡಿಸಿ ನೋಡಿದ ಮೇಲೆ ಬೇಕೋ ಬೇಡವೋ ಹೇಳುವಿರಂತೆ.